ಮನೇಲೇ ಇರ್ತೀರಲ್ಲ

“ಅಕ್ಕ, ನೀವು ಹೆಂಗೂ ಮನೇಲೇ ಇರ್ತೀರಲ್ಲ, ಮಗೀನ ಒಸಿ ನೋಡ್ಕಳಿ.”

ಅರಸೀಕೆರೆಯ ನಮ್ಮ ಬೀದಿಯಲ್ಲಿ ಈ ಮಾತು ಕೇಳಿಬರುವುದು ಬೆಳಗ್ಗೆ ಏಳೂಮುಕ್ಕಾಲಿಗೆ. ಎಂಟಕ್ಕೆ ಬೀದಿಯ ತುದಿಗೆ ಗಾರ್ಮೆಂಟ್ಸಿನ ವ್ಯಾನು ಬರುತ್ತದೆ. ಎರಡು ನಿಮಿಷ ತಡವಾದರೆ ವ್ಯಾನು ಹೊರಟಿರುತ್ತದೆ, ಅವತ್ತಿನ ಸಂಬಳವೂ ಅದರ ಹಿಂದೆಯೇ ಹೋಗುತ್ತದೆ. ಕೇಳುವವಳ ಒಂದು ಕೈಯಲ್ಲಿ ಊಟದ ಡಬ್ಬಿ, ಕಂಕುಳಲ್ಲಿ ಕೂಸು. ಕೇಳಿಸಿಕೊಳ್ಳುವವಳ ಕೈಯಲ್ಲಿ ಪೊರಕೆಯೋ ರಂಗೋಲಿ ಬಟ್ಟಲೋ. ಆ ಹೊತ್ತಿನಲ್ಲಿ ಇಲ್ಲ ಅನ್ನಲು ಯಾರಿಗೂ ಬಾಯಿ ಬರುವುದಿಲ್ಲ. ಹೂಂ ಅನ್ನುತ್ತೇವೆ. ಮಾರನೆಯ ದಿನವೂ ಹೂಂ. ತಿಂಗಳಾಗುವ ಹೊತ್ತಿಗೆ ಅವಳು ಕೇಳುವುದನ್ನೂ ಬಿಟ್ಟಿರುತ್ತಾಳೆ, ಗೇಟು ತೆಗೆದು ಮಗುವನ್ನು ಒಳಗೆ ಬಿಟ್ಟು ಓಡುತ್ತಾಳೆ.

ಹಾಗೆ ದಿನಚರಿಯಾದ ಈ ಕೋರಿಕೆಗೆ ನಾವು ಕೊನೆಗೊಂದು ದಿನ ‘ಆಗಲ್ಲ’ ಅನ್ನುತ್ತೇವಲ್ಲ, ಆ ಆಗಲ್ಲವನ್ನು ಒಂದು ಕೃತಿಯನ್ನು ಓದುವ ಹಾಗೆ ಓದಬೇಕು ಅಂತ ನನಗೆ ಬಹಳ ದಿನದಿಂದ ಅನಿಸಿದೆ. ಯಾವ ಮಾತಿನಲ್ಲಿ ಹೇಳಿದರು, ಯಾವ ಹೊತ್ತಿನಲ್ಲಿ ಹೇಳಿದರು, ಯಾರ ಎದುರಿಗೆ ಹೇಳಿದರು, ಹೇಳಿದ ಮೇಲೆ ಆ ಮಗು ಎಲ್ಲಿಗೆ ಹೋಯಿತು. ನಾನಿರುವುದು ಅರಸೀಕೆರೆಯಲ್ಲಿ, ತವರು ಹಳೇಬೀಡಿನ ಕಡೆ, ತಂಗಿಯನ್ನು ಕೊಟ್ಟಿರುವುದು ಬೇಲೂರು ಕಡೆಗೆ. ಮೂರು ಕಡೆಯೂ ಹೀಗೆ ಆಗಲ್ಲ ಅಂದವರನ್ನು ನೋಡಿದ್ದೇನೆ, ನಾನೂ ಅಂದಿದ್ದೇನೆ. ಹೆಚ್ಚಿನವು ಕೆಟ್ಟ ನಿರಾಕರಣೆಗಳು. ಇಲ್ಲ ಅಂದದ್ದು ತಪ್ಪಾಗಿರಲಿಲ್ಲ, ಅಂದ ರೀತಿ ಕೆಟ್ಟದ್ದಾಗಿತ್ತು.

ಮೊದಲು ಕೋರಿಕೆಗೆ ಸಲ್ಲಬೇಕಾದ ನ್ಯಾಯ ಸಲ್ಲಲಿ. ನಮ್ಮ ಪಕ್ಕದ ಮನೆಯಾಕೆಯ ಲೆಕ್ಕವನ್ನೇ ತೆಗೆದುಕೊಳ್ಳೋಣ. ಇಬ್ಬರು ಮಕ್ಕಳು, ದೊಡ್ಡದಕ್ಕೆ ಮೂರು ವರ್ಷ ತುಂಬಿ ನಾಲ್ಕು ತಿಂಗಳು, ಚಿಕ್ಕದಕ್ಕೆ ಒಂದೂವರೆ. ಅವಳು ಮನೆ ಬಿಡುವುದು ಎಂಟಕ್ಕೆ, ಬರುವುದು ಸಂಜೆ ಆರೂವರೆಗೆ. ಅಂಗನವಾಡಿ ಬೆಳಗ್ಗೆ ಒಂಬತ್ತೂವರೆಗೆ ತೆಗೆದು ನಾಲ್ಕಕ್ಕೆ ಮುಚ್ಚುತ್ತದೆ. ಅಲ್ಲಿ ಕೂರಿಸಿಕೊಂಡು ಕಲಿಸುವುದು ಮೂರರಿಂದ ಆರು ವರ್ಷದವರನ್ನು. ಅದಕ್ಕಿಂತ ಚಿಕ್ಕವಕ್ಕೆ ಪೌಷ್ಟಿಕ ಆಹಾರದ ಪೊಟ್ಟಣ ಮನೆಗೆ ಕೊಡುತ್ತಾರೆ, ಮಗುವನ್ನು ಇಟ್ಟುಕೊಳ್ಳುವುದಿಲ್ಲ. ಅಲ್ಲಿಗೆ ದೊಡ್ಡದಕ್ಕೆ ಬೆಳಗ್ಗೆ ಒಂದೂವರೆ ಗಂಟೆ, ಸಂಜೆ ಎರಡೂವರೆ ಗಂಟೆ ಗತಿಯಿಲ್ಲ. ಚಿಕ್ಕದಕ್ಕೆ ಇಡೀ ಹತ್ತೂವರೆ ಗಂಟೆ ಗತಿಯಿಲ್ಲ. 2023ರಲ್ಲಿ ಸರ್ಕಾರ ‘ಕೂಸಿನ ಮನೆ’ ಅಂತ ಯೋಜನೆ ತಂದಿತು. ಅದು ಗ್ರಾಮ ಪಂಚಾಯಿತಿಗಳಲ್ಲಿ, ನರೇಗಾ ಕೂಲಿಗೆ ಹೋಗುವ ತಾಯಂದಿರ ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದು. ನಮ್ಮದು ನಗರಸಭೆಯ ಊರು, ಇವಳು ಹೋಗುವುದು ಹೊಲಿಗೆ ಮಿಷನ್ನಿಗೆ. ಮೂವತ್ತಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಕಾರ್ಖಾನೆಯಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಕೋಣೆ ಇರಬೇಕೆಂದು 1948ರ ಕಾರ್ಖಾನೆ ಕಾಯ್ದೆಯೇ ಬರೆದಿಟ್ಟಿತ್ತು. ಕೋಣೆ ಇದ್ದರೂ ಕೂಸನ್ನು ಎತ್ತಿಕೊಂಡು ಆ ವ್ಯಾನಿನಲ್ಲಿ ನಿಂತುಕೊಂಡು ಹೋಗುವುದು ಹೇಗೆ ಅಂತ ಅವಳು ಕೇಳುತ್ತಾಳೆ. ಆ ವ್ಯಾನನ್ನು ನಾನೂ ನೋಡಿದ್ದೇನೆ. ಅವಳ ಪ್ರಶ್ನೆಗೆ ನನ್ನ ಹತ್ತಿರ ಉತ್ತರವಿಲ್ಲ.

2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಬಂದು ಹೆಂಗಸರಿಗೆ ಸರ್ಕಾರಿ ಬಸ್ಸು ಪುಕ್ಕಟೆ ಆದಮೇಲೆ ನಮ್ಮ ಬೀದಿಯಿಂದಲೇ ಹಾಸನಕ್ಕೆ ದಿನಾ ಹೋಗಿ ಬರುವವರು ಹೆಚ್ಚಾದರು. ಬಹಳ ಒಳ್ಳೆಯದಾಯಿತು. ಮೊದಲು ಬಸ್ ಚಾರ್ಜಿಗೇ ಸಂಬಳದ ಒಂದು ಪಾಲು ಹೋಗುತ್ತಿತ್ತು. ಆದರೆ ತಾಯಿ ಹಾಸನದವರೆಗೆ ಹೋಗುವ ಹಾಗಾಯಿತು, ಮಗು ಬೀದಿಯಲ್ಲೇ ಉಳಿಯಿತು. ಬೀದಿಯಲ್ಲಿ ಉಳಿದ ಮಗು ಯಾರ ಮನೆಯ ಬಾಗಿಲು ತೆರೆದಿದೆಯೋ ಆ ಮನೆಗೆ ಬರುತ್ತದೆ. ತೆರೆದಿರುವುದು ಮನೆಯಲ್ಲೇ ಕೂತು ದುಡಿಯುವವಳ ಬಾಗಿಲು.

ನಾನು ಸೀರೆಗೆ ಕುಚ್ಚು ಕಟ್ಟುತ್ತೇನೆ. ಸೆರಗಿನ ತುದಿಯ ಎಳೆಗಳನ್ನು ಬಿಡಿಸಿ, ಸಮ ಪಾಲು ಮಾಡಿ, ರೇಷ್ಮೆ ದಾರ ಸೇರಿಸಿ ಗಂಟು ಹಾಕಿಕೊಂಡು ಹೋಗುವ ಕೆಲಸ. ಸಾದಾ ಕುಚ್ಚಾದರೆ ಒಂದು ಸೀರೆಗೆ ಅರ್ಧ ದಿನ, ಮಣಿ ಪೋಣಿಸಿ ಕೊಂಡಿಸೂಜಿಯಲ್ಲಿ ಹೆಣೆಯುವುದಾದರೆ ಎರಡು ದಿನ. ಕಟ್ಟುವಾಗ ಎಳೆಗಳನ್ನು ಚಾಪೆಯ ಮೇಲೆ ಸಾಲಾಗಿ ಹರಡಿಕೊಂಡಿರಬೇಕು. ಒಂದೂವರೆ ವರ್ಷದ ಕೂಸು ಅದರ ಮೇಲೆ ಒಂದು ಸಲ ಅಂಬೆಗಾಲಿಟ್ಟು ಹೋದರೆ ಒಂದು ಗಂಟೆಯ ಕೆಲಸ ಸಿಕ್ಕುಗಟ್ಟುತ್ತದೆ. ಈ ಕೆಲಸವನ್ನು ಬೀದಿಯಲ್ಲಿ ಯಾರೂ ಕೆಲಸ ಅನ್ನುವುದಿಲ್ಲ. ನಾನೂ ಅನ್ನುತ್ತಿರಲಿಲ್ಲ. “ಸುಮ್ನೆ ಕೂತಿರೋ ಬದ್ಲು ನಾಕು ಕುಚ್ಚು ಕಟ್ತೀನಿ” ಅಂತಲೇ ಹೇಳಿಕೊಂಡಿದ್ದೆ. ಮನೇಲೇ ಇರ್ತೀರಲ್ಲ ಅನ್ನುವ ಮಾತು ಅವಳ ಬಾಯಿಗೆ ಬಂದದ್ದು ನನ್ನ ಬಾಯಿಂದಲೇ.

ಇಲ್ಲಿ ನನ್ನ ತವರಿನ ಒಂದು ಪದ್ಧತಿ ನೆನಪಾಗುತ್ತದೆ. ಹಳೇಬೀಡಿನ ಸುತ್ತ ಆಲೂಗೆಡ್ಡೆ, ಮುಸುಕಿನ ಜೋಳದ ಹೊಲಗಳಿಗೆ ಕಳೆ ಕೀಳಲು ಮುಯ್ಯಾಳು ಹೋಗುತ್ತಿದ್ದರು. ಇವತ್ತು ನಿಮ್ಮ ಹೊಲಕ್ಕೆ ನಾವು, ನಾಳೆ ನಮ್ಮ ಹೊಲಕ್ಕೆ ನೀವು. ದುಡ್ಡಿನ ಮಾತಿಲ್ಲ, ಆಳಿಗೆ ಆಳು. ಹತ್ತು ಹೆಂಗಸರು ಹೊಲಕ್ಕಿಳಿದರೆ ಒಬ್ಬಳು ಬದುವಿನ ಹೊಂಗೆಮರದ ಕೆಳಗೆ ಉಳಿಯುತ್ತಿದ್ದಳು. ಕೊಂಬೆಗೆ ಹಳೇ ಸೀರೆಯ ಜೋಲಿ, ಕೆಳಗೆ ಗೋಣಿಚೀಲದ ಮೇಲೆ ನಾಲ್ಕೈದು ಮಕ್ಕಳು. ನಮ್ಮಜ್ಜಿ ಕೈಲಾಗದ ವಯಸ್ಸಿನಲ್ಲಿ ಹಾಗೆ ಉಳಿಯುತ್ತಿದ್ದಳು. ಅವಳು ಒಂದು ಕಳೆಯನ್ನೂ ಕೀಳುತ್ತಿರಲಿಲ್ಲ. ಆದರೂ ಅವಳದ್ದು ಒಂದು ಆಳು ಅಂತಲೇ ಲೆಕ್ಕ. ನಮ್ಮ ಹೊಲದ ಸರದಿ ಬಂದಾಗ ಆ ಒಂದು ಆಳು ವಾಪಸ್ಸು ಬರುತ್ತಿತ್ತು. ನನ್ನ ಅವ್ವ ಅದನ್ನು ಬೆರಳೆಣಿಸಿ ಲೆಕ್ಕ ಇಡುತ್ತಿದ್ದಳು, ಒಂದು ಆಳು ಕಮ್ಮಿ ಬಂದರೆ ಬಾಯಿ ಬಿಟ್ಟು ಕೇಳುತ್ತಿದ್ದಳು. ಅವಳನ್ನು ಜಿಪುಣಿ ಅಂತ ಯಾರೂ ಅಂದದ್ದಿಲ್ಲ.

ಮಗು ನೋಡಿಕೊಳ್ಳುವುದು ಅಲ್ಲಿ ಉಪಕಾರ ಆಗಿರಲಿಲ್ಲ, ಮುಯ್ಯಿ ಆಗಿತ್ತು. ಉಪಕಾರಕ್ಕೆ ಲೆಕ್ಕ ಕೇಳಿದರೆ ನಾಚಿಕೆ, ಮುಯ್ಯಿಗೆ ಲೆಕ್ಕ ಕೇಳದಿದ್ದರೆ ನಷ್ಟ. ಪೇಟೆಯ ಬೀದಿಗೆ ಬಂದಮೇಲೆ ಕೆಲಸ ಹಾಗೇ ಉಳಿಯಿತು, ಲೆಕ್ಕ ಮಾತ್ರ ಬಿದ್ದುಹೋಯಿತು. ಬಿದ್ದುಹೋದ ಲೆಕ್ಕದ ಜಾಗದಲ್ಲಿ ದಾಕ್ಷಿಣ್ಯ ಬಂದು ಕೂತಿತು. ದಾಕ್ಷಿಣ್ಯಕ್ಕೆ ಬಸಿರಾದರೆ ಹೆರಲು ತಾವಿಲ್ಲ ಅಂತ ನಮ್ಮ ಹಿರಿಯರು ಒರಟಾಗಿಯೇ ಹೇಳಿದ್ದಾರೆ. ಆ ಗಾದೆಯಲ್ಲಿ ಬೈಗುಳ ಇರುವುದು ಹೂಂ ಅಂದವಳಿಗೆ, ಕೇಳಿದವರಿಗಲ್ಲ. ದಿನಾ ಮಗು ಬಿಟ್ಟುಹೋಗುವ ವಿಷಯದಲ್ಲಿ ಇದು ಅರ್ಧ ಸರಿ ಅನ್ನುತ್ತೇನೆ. ತಿಂಗಳುಗಟ್ಟಲೆ ಹೂಂ ಅಂದು ಒಳಗೊಳಗೇ ಕುದಿಯುವುದಕ್ಕೆ ಕೇಳಿದವಳನ್ನು ದೂರುವುದು ನ್ಯಾಯವಲ್ಲ.

ಇನ್ನು ನಾನು ನೋಡಿದ ನಿರಾಕರಣೆಗಳು. ಎಲ್ಲಕ್ಕಿಂತ ಸಾಮಾನ್ಯವಾದದ್ದು ನೆಪ. ಎದುರುಮನೆಯವರು “ನಂಗೆ ಬೀಪಿ ಕಣಮ್ಮ, ಮಕ್ಕಳ ಗಲಾಟೆ ಆಗಲ್ಲ” ಅಂದರು. ಇದು ಒಂದು ದಿನದ ಕೋರಿಕೆಗೆ ಸಾಕಾಗುವ ಉತ್ತರ. ನಾಳೆಗೆ ಅವಳು ಬೇರೆ ಯಾರನ್ನೋ ಕೇಳುತ್ತಾಳೆ, ಮುಗಿಯಿತು. ಆದರೆ ದಿನದಿನದ ಕೋರಿಕೆಯ ಎದುರು ನೆಪ ನಿಲ್ಲುವುದಿಲ್ಲ, ಯಾಕೆಂದರೆ ಕೇಳುವವಳಿಗೆ ಅದು ಉತ್ತರವಾಗಿ ಕೇಳುವುದಿಲ್ಲ, ಬಿಡಿಸಬೇಕಾದ ತೊಡಕಾಗಿ ಕೇಳುತ್ತದೆ. “ಚಿಕ್ಕದು ಗಲಾಟೆ ಮಾಡಲ್ಲ ಆಂಟಿ, ಹಾಲು ಕುಡುದ್ರೆ ಮಲಿಕತ್ತದೆ” ಅಂದಳು ಅವಳು. ಬೀಪಿ ಹೋಯಿತು. ಆಮೇಲೆ ಮಗಳ ಮನೆಗೆ ಹೋಗಬೇಕು ಅಂದರು. “ವಾಪಸ್ ಬಂದ್ಮೇಲೆ ಬಿಡ್ತೀನಿ.” ಅದೂ ಹೋಯಿತು. ಆಮೇಲೆ ಮನೆಗೆ ಸುಣ್ಣ ಬಳಿಸುವುದು, ಆಮೇಲೆ ವ್ರತ. ಒಂದೊಂದು ನೆಪಕ್ಕೂ ಒಂದು ಕೊನೆಯ ತಾರೀಖು ಇರುತ್ತದೆ, ಆ ತಾರೀಖಿನ ಮಾರನೆಯ ಬೆಳಗ್ಗೆ ಮಗು ಮತ್ತೆ ಗೇಟಿನ ಹತ್ತಿರ ಇರುತ್ತದೆ. ಆ ತಾಯಿ ಆರು ವಾರ ಹೀಗೇ ಕಾದಳು. ಆ ಆರು ವಾರದಲ್ಲಿ ಅವಳು ಬೇರೆ ದಾರಿ ಹುಡುಕಬಹುದಿತ್ತು. ನೆಪ ನೋಯಿಸುವುದಿಲ್ಲ ಅಂತ ನಾವು ನಂಬಿದ್ದೇವೆ. ಅದು ತಿನ್ನುವುದು ಇನ್ನೊಬ್ಬರ ಕಾಲವನ್ನು.

ಇನ್ನೊಂದು, ಯಜಮಾನರ ಹೆಗಲ ಮೇಲಿಂದ ಹೇಳುವುದು. “ನಂಗೇನಿಲ್ಲ ಕಣೆ, ನಮ್ಮನೆಯವರು ಬೈತಾರೆ.” ಇದು ಕೆಲಸ ಮಾಡುತ್ತದೆ, ಮಾತು ಅಲ್ಲಿಗೆ ನಿಲ್ಲುತ್ತದೆ. ಎಷ್ಟೋ ಮನೆಗಳಲ್ಲಿ ಅದು ನಿಜವೂ ಹೌದು. ನಿಜವಲ್ಲದ ಕಡೆ ನನ್ನ ತಕರಾರಿದೆ. ನನ್ನ ಹೊತ್ತಿನ ಮೇಲೆ ನನಗೆ ಹಕ್ಕಿಲ್ಲ, ಹಕ್ಕಿರುವುದು ಅವರಿಗೆ ಅಂತ ನಾವೇ ಬೀದಿಗೆ ಕೇಳುವಂತೆ ಹೇಳಿಕೊಂಡ ಹಾಗಾಗುತ್ತದೆ. ಆ ಮಾತನ್ನು ಹೇಳಿ ಉಳಿಸಿಕೊಂಡ ಹೊತ್ತು ಆಮೇಲೆ ನಮ್ಮದಾಗಿ ಉಳಿಯುವುದಿಲ್ಲ.

ಮೂರನೆಯದು ಬಾಯಲ್ಲಿ ಹೇಳದೆ ಹೇಳುವ ಆಗಲ್ಲ. ಇದನ್ನು ನಾನು ಎಲ್ಲಕ್ಕಿಂತ ಕೆಟ್ಟದ್ದು ಅನ್ನುತ್ತೇನೆ. ತಾಯಿಗೆ ಹೂಂ ಅಂದು, ಅವಳು ವ್ಯಾನು ಹತ್ತಿದ ಮೇಲೆ ಮಗುವಿಗೆ ಇಲ್ಲ ಅನ್ನುವುದು. ಫೋನು ಕೈಗೆ ಕೊಟ್ಟು ಮೂಲೆಗೆ ಕೂರಿಸುವುದು, ಒದ್ದೆಯಾದ ಚಡ್ಡಿಯನ್ನು ಅವಳೇ ಬಂದು ಬದಲಿಸಲಿ ಅಂತ ಬಿಡುವುದು, ಮೊಮ್ಮಗನಿಗೆ ತಟ್ಟೆಯಲ್ಲಿ ದೋಸೆ, ಇದಕ್ಕೆ ಕೈಗೊಂದು ಬಿಸ್ಕತ್ತು. ಕಂಡುಹಿಡಿಯುವುದು ಕಷ್ಟವಲ್ಲ. ಬೆಳಗ್ಗೆ ಆ ಮನೆಯ ಗೇಟು ಕಂಡ ಕೂಡಲೇ ಮಗು ತಾಯಿಯ ಕತ್ತನ್ನು ಇನ್ನೂ ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಹೊಸ ಜಾಗಕ್ಕೆ ಅಳುವ ಮಗು ಒಂದೆರಡು ವಾರದಲ್ಲಿ ಸಮಾಧಾನ ಆಗುತ್ತದೆ. ತಿಂಗಳಾದ ಮೇಲೂ ಅಳು ಹೆಚ್ಚುತ್ತಿದ್ದರೆ, ಸಂಜೆ ಬಂದ ಕೂಡಲೇ ಹಸಿವು ಹಸಿವು ಅಂದರೆ, ಆ ಮನೆಯವರು ಆಗಲ್ಲ ಅಂದು ಬಹಳ ದಿನವಾಗಿದೆ ಅಂತಲೇ ತಿಳಿಯಬೇಕು. ದೊಡ್ಡವರಿಗೆ ಹೇಳಲಾರದ ಮಾತನ್ನು ಮಾತು ಬಾರದ ಮಗುವಿನ ಮೇಲೆ ಹೇಳಿದ್ದಕ್ಕೆ ದಾಕ್ಷಿಣ್ಯ ಅಂತ ಹೆಸರಿಡಲು ನಾನು ಒಪ್ಪುವುದಿಲ್ಲ.

ಕೆಲವು ನಿರಾಕರಣೆಗಳ ಹಿಂದೆ ಹೊತ್ತಿನ ಅಭಾವ ಇರುವುದೇ ಇಲ್ಲ, ಜಾತಿ ಇರುತ್ತದೆ. ಮಗು ಒಳಮನೆಗೆ ಬರುತ್ತದೆ, ಅಡುಗೆಮನೆಯ ಲೋಟ ಮುಟ್ಟುತ್ತದೆ, ಅವರ ಮನೆಯ ಡಬ್ಬಿಯಲ್ಲಿ ಮೊಟ್ಟೆ ಇರುತ್ತದೆ. ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಬೀಪಿ ಅನ್ನುತ್ತಾರೆ. ಆದರೆ ಅದೇ ಬೀಪಿಯವರು ತಮ್ಮವರ ಮಗುವನ್ನು ಮಧ್ಯಾಹ್ನವೆಲ್ಲ ತೊಡೆಯ ಮೇಲೆ ಮಲಗಿಸಿಕೊಂಡಿರುವುದನ್ನು ಕೇಳಿದವಳು ನೋಡಿಯೇ ನೋಡುತ್ತಾಳೆ. ಹೊತ್ತಿಲ್ಲ ಅನ್ನುವುದು ಯಾರಿಗೂ ಅವಮಾನವಲ್ಲ. ಇದು ಅವಮಾನ. ಅದನ್ನು ನುಂಗಿಕೊಂಡೇ ಅವಳು ಎಂಟರ ವ್ಯಾನು ಹತ್ತುತ್ತಾಳೆ.

ನನ್ನದೇ ಆಗಲ್ಲಕ್ಕೆ ಬರುತ್ತೇನೆ. ಐದು ತಿಂಗಳು ಎರಡೂ ಮಕ್ಕಳನ್ನು ಇಟ್ಟುಕೊಂಡಿದ್ದೆ. ಚಿಕ್ಕದು ನನ್ನನ್ನು ಆಂತಿ ಅನ್ನುತ್ತಿತ್ತು, ನಾನೂ ಅದನ್ನು ಹಚ್ಚಿಕೊಂಡಿದ್ದೆ. ಒಂದು ದಿನ ನಲ್ಲಿ ನೀರು ಬಿಟ್ಟಿದ್ದರು. ನಮ್ಮಲ್ಲಿ ನೀರು ದಿನಾ ಬರುವುದಿಲ್ಲ, ಬಂದ ದಿನ ಇಡೀ ಬೀದಿ ಪೈಪು ಹಿಡಿದು ಓಡಾಡುತ್ತದೆ. ಸಂಪಿನ ಮುಚ್ಚಳ ತೆಗೆದು ಪೈಪು ಇಳಿಬಿಟ್ಟು ಒಳಗೆ ಬಂದೆ. ಮಾರನೆಯ ದಿನದ ಮದುವೆಗೆ ಕೊಡಬೇಕಾದ ಸೀರೆ, ಇನ್ನು ಎಂಟು ಗಂಟು ಉಳಿದಿತ್ತು. ಐದೇ ಗಂಟು ಹಾಕಿದ್ದೆ. ಹೊರಗೆ ಸದ್ದಿಲ್ಲ ಅನಿಸಿತು. ಮಕ್ಕಳಿರುವ ಮನೆಯಲ್ಲಿ ಸದ್ದಿಲ್ಲ ಅಂದರೆ ಏನು ಅಂತ ಮಕ್ಕಳನ್ನು ಸಾಕಿದವರಿಗೆಲ್ಲ ಗೊತ್ತು. ಎದ್ದು ಹೋದೆ. ಚಿಕ್ಕದು ಸಂಪಿನ ಅಂಚಿನಲ್ಲಿ ಹೊಟ್ಟೆಯ ಮೇಲೆ ಮಲಗಿ, ಬೀಳುವ ನೀರಿಗೆ ಕೈ ಚಾಚುತ್ತಿತ್ತು. ತಲೆ ಆಗಲೇ ಅಂಚಿನಿಂದ ಆಚೆಗಿತ್ತು. ದೊಡ್ಡದು ಪಕ್ಕದಲ್ಲಿ ಕೂತು ನೋಡುತ್ತಿತ್ತು. ಕಾಲು ಹಿಡಿದು ಎಳೆದುಕೊಂಡೆ. ಮಗು ನಕ್ಕಿತು. ನನ್ನ ಕೈ ಸಂಜೆಯವರೆಗೂ ನಡುಗುತ್ತಿತ್ತು, ಉಳಿದ ಮೂರು ಗಂಟು ರಾತ್ರಿ ಹಾಕಿದೆ.

ಅವತ್ತು ರಾತ್ರಿ ಮೊದಲ ಸಲ ಲೆಕ್ಕ ಬರೆದೆ. ಮಕ್ಕಳು ಬರುವ ಮುಂಚೆ ವಾರಕ್ಕೆ ಐದು ಸಾದಾ ಕುಚ್ಚು ಮುಗಿಯುತ್ತಿತ್ತು, ಒಂದಕ್ಕೆ ಮುನ್ನೂರರಂತೆ ಸಾವಿರದ ಐನೂರು. ಆ ಐದು ತಿಂಗಳಲ್ಲಿ ವಾರಕ್ಕೆ ಎರಡು, ಆರುನೂರು. ವಾರಕ್ಕೆ ಒಂಬೈನೂರು, ತಿಂಗಳಿಗೆ ಮೂರು ಸಾವಿರದ ಆರುನೂರು ಕಮ್ಮಿ. ಮಣಿ ಕುಚ್ಚಿನ ಕೆಲಸ ಒಪ್ಪಿಕೊಳ್ಳುವುದನ್ನೇ ಬಿಟ್ಟಿದ್ದೆ, ಅದು ಲೆಕ್ಕಕ್ಕೇ ಬಂದಿಲ್ಲ. ಇದು ಅವಳಿಗೆ ಗೊತ್ತಿರಲಿಲ್ಲ. ಹೇಗೆ ಗೊತ್ತಾಗಬೇಕು, ನನಗೇ ಗೊತ್ತಿರಲಿಲ್ಲ. ದುಡ್ಡು ಹೋಯಿತಲ್ಲ ಅನ್ನುವುದಕ್ಕಿಂತ ಇನ್ನೊಂದು ವಿಷಯ ಆ ಕಾಗದದಲ್ಲಿ ಕಂಡಿತು. ನಾನು ಒಂದೇ ಹೊತ್ತಿನಲ್ಲಿ ಎರಡು ಕೆಲಸ ಮಾಡುತ್ತಿದ್ದೆ, ಎರಡನ್ನೂ ಅರ್ಧರ್ಧ ಮಾಡುತ್ತಿದ್ದೆ, ಆ ಅರ್ಧದ ನಡುವೆ ತೆರೆದ ಸಂಪಿತ್ತು.

ಹೇಳುವುದು ಯಾವಾಗ ಅಂತ ಯೋಚಿಸಿದೆ. ಬೆಳಗ್ಗೆ ಏಳೂಮುಕ್ಕಾಲಿಗೆ ಹೇಳಿದರೆ ಅದು ಅವಳ ಸಂಬಳದ ಕುತ್ತಿಗೆ ಹಿಚುಕಿದ ಹಾಗೆ. ಸಂಜೆ ಆರೂವರೆಗೆ ಹೇಳಿದರೆ ದಣಿದು ಬಂದವಳ ಮುಖಕ್ಕೆ ಹೊಡೆದ ಹಾಗೆ. ಭಾನುವಾರ ಸಂಜೆ ಅವರ ಮನೆಗೇ ಹೋದೆ, ಅವಳ ಗಂಡನೂ ಇರುವ ಹೊತ್ತು ನೋಡಿಕೊಂಡು. ಅವನು ಕೊಬ್ಬರಿ ಮಂಡಿಯಲ್ಲಿ ಮೂಟೆ ಹೊರುತ್ತಾನೆ. ಸಂಪಿನ ವಿಷಯ ಮೊದಲು ಹೇಳಿದೆ, ಮುಚ್ಚಿಡಲಿಲ್ಲ. ಆಮೇಲೆ ಅಂದೆ, “ನೋಡಮ್ಮ, ಮಕ್ಕಳ ಮೇಲೆ ನಂಗೆ ಬೇಜಾರಿಲ್ಲ. ನಾನು ಮನೇಲಿರ್ತೀನಿ ನಿಜ, ಆದ್ರೆ ಕೆಲ್ಸ ಮಾಡ್ತಿರ್ತೀನಿ. ದಿನಾ ನೋಡ್ಕಳದು ನನ್ ಕೈಲಿ ಆಗಲ್ಲ. ಈ ತಿಂಗ್ಳು ಮುಗಿಯೋಗಂಟ ನೋಡ್ಕತೀನಿ, ಒಂದನೇ ತಾರೀಕಿಂದ ಬ್ಯಾರೆ ಏರ್ಪಾಡು ಮಾಡ್ಕಳಿ.”

ತಿಂಗಳು ಮುಗಿಯಲು ಹದಿನಾರು ದಿನ ಇತ್ತು. ಕಾರಣ ಒಂದೇ ಕೊಟ್ಟೆ, ಅದು ನಾಳೆ ಬದಲಾಗುವ ಕಾರಣವಲ್ಲ. ಎರಡನೆಯ ಕಾರಣ ಸೇರಿಸಬೇಕು ಅಂತ ನಾಲಗೆ ತುದಿಯವರೆಗೆ ಬಂದಿತ್ತು, ಮೊಣಕಾಲು ನೋವು ಅಂತ. ಸೇರಿಸಿದ್ದರೆ ಅವರು ಮೊಣಕಾಲಿಗೆ ಔಷಧಿ ಹೇಳುತ್ತಿದ್ದರು.

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಅವಳು, “ದುಡ್ಡು ಕೊಟ್ರೆ ನೋಡ್ಕತೀರಾ ಅಕ್ಕ?” ಅಂತ ಕೇಳಿದಳು. ಒಳ್ಳೆಯ ಪ್ರಶ್ನೆ. ಕೆಲವರು ಇಲ್ಲಿ ಕೈಗೆಟುಕದ ಮೊತ್ತ ಹೇಳಿ ಮಾತು ಮುಗಿಸುತ್ತಾರೆ, ಐದು ಸಾವಿರ ಕೊಡಿ ಅಂತ. ಅದೂ ನೆಪವೇ, ರೂಪಾಯಿಯಲ್ಲಿ ಹೇಳಿದ ನೆಪ. ಅವಳು ಸಾಲ ಮಾಡಿ ಒಪ್ಪಿಕೊಂಡರೆ ನಮ್ಮ ಗತಿಯೇನು? ಹಣಕ್ಕೆ ಆ ಕೆಲಸ ಮಾಡುವ ಮನಸ್ಸಿದ್ದರೆ ಸರಿಯಾದ ದರ ಹೇಳಬೇಕು, ಇಲ್ಲದಿದ್ದರೆ ದರದ ಮಾತೇ ಎತ್ತಬಾರದು. “ದುಡ್ಡಿಗಲ್ಲ ಕಣಮ್ಮ, ಎರಡೂ ಒಟ್ಟಿಗೆ ಮಾಡಕ್ಕಾಗಲ್ಲ” ಅಂದೆ.

ಆಗ ಲೆಕ್ಕ ಬಿಡಿಸಲು ಕೂತೆವು. ದೊಡ್ಡದನ್ನು ಅಂಗನವಾಡಿಗೆ ಯಾಕೆ ಹಾಕಿಲ್ಲ ಅಂತ ಕೇಳಿದೆ. ಒಂಬತ್ತೂವರೆಗೆ ತೆಗೆಯುತ್ತಾರೆ, ನಾನು ಎಂಟಕ್ಕೆ ಹೋಗುತ್ತೇನಲ್ಲ ಅಂದಳು. ಗಂಡ ಎಷ್ಟು ಹೊತ್ತಿಗೆ ಮಂಡಿಗೆ ಹೋಗುವುದು? ಹರಾಜಿನ ದಿನ ಬೇಗ, ಉಳಿದ ದಿನ ಹತ್ತರ ಮೇಲೆ. ಅಂದರೆ ವಾರದ ಬಹುಪಾಲು ದಿನ ಮಗುವನ್ನು ಬಿಡಲು ತಂದೆ ಮನೆಯಲ್ಲೇ ಇದ್ದ. ಐದು ತಿಂಗಳು ಎಂಟರಿಂದ ಒಂಬತ್ತೂವರೆಯವರೆಗೆ ಆ ಮಗು ನನ್ನ ಜಗುಲಿಯಲ್ಲಿ ಆಡುತ್ತಿದ್ದಾಗ ಅದರ ಅಪ್ಪ ಗೋಡೆಯಾಚೆ ಕಾಫಿ ಕುಡಿಯುತ್ತಿದ್ದ. ಅವನು ಕೆಟ್ಟವನಲ್ಲ, ಮಕ್ಕಳೆಂದರೆ ಪ್ರಾಣ. ಅವನನ್ನು ಯಾರೂ ಕೇಳಿರಲಿಲ್ಲ. ಅವಳು ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ. 2019ರಲ್ಲಿ ಕೇಂದ್ರ ಸರ್ಕಾರ ಜನರ ದಿನದ ಹೊತ್ತು ಹೇಗೆ ಕಳೆಯುತ್ತದೆ ಅಂತ ಸಮೀಕ್ಷೆ ಮಾಡಿತ್ತು. ಮನೆಗೆಲಸಕ್ಕೆ ಕೈ ಹಾಕುವವರಲ್ಲಿ ಹೆಂಗಸರು ದಿನಕ್ಕೆ 299 ನಿಮಿಷ, ಗಂಡಸರು 97 ನಿಮಿಷ ಕಳೆಯುತ್ತಾರೆ ಅಂತ ಅದರಲ್ಲಿ ಬಂತು. ಆ ಅಂತರದ ಒಂದು ತುಂಡು ನಮ್ಮ ಎರಡು ಮನೆಯ ನಡುವಿನ ಗೋಡೆಯಲ್ಲಿತ್ತು. ಹೆಂಗಸು ಹೆಂಗಸನ್ನು ಕೇಳುತ್ತಾಳೆ, ಹೆಂಗಸು ಹೆಂಗಸಿಗೆ ಇಲ್ಲ ಅನ್ನುತ್ತಾಳೆ, ಜಗಳವಾದರೆ ಅದೂ ಅವರಿಬ್ಬರ ನಡುವೆಯೇ. ಗಂಡನ ಎದುರಿಗೆ ಹೇಳಿದ್ದು ನನ್ನ ನಿರಾಕರಣೆಯಲ್ಲಿ ಸರಿಬಂದ ಒಂದು ಭಾಗ ಅಂತ ಈಗಲೂ ಅಂದುಕೊಂಡಿದ್ದೇನೆ.

ಚಿಕ್ಕದಕ್ಕೆ ದಾರಿ ಸಿಗಲು ಹತ್ತು ದಿನ ಹಿಡಿಯಿತು. ಹಿಂದಿನ ಬೀದಿಯಲ್ಲಿ ಒಬ್ಬ ಅಜ್ಜಿ ಆಗಲೇ ಎರಡು ಮಕ್ಕಳನ್ನು ನೋಡಿಕೊಳ್ಳುತ್ತಿದ್ದರು. ತಿಂಗಳಿಗೆ ಎರಡು ಸಾವಿರ, ಹಾಲು ಇವರದ್ದೇ. ನಾನೇ ಹೋಗಿ ಮಾತಾಡಿದೆ, ಅವರ ಮನೆಯಲ್ಲಿ ಸಂಪು ಎಲ್ಲಿದೆ ಅಂತಲೂ ನೋಡಿ ಬಂದೆ.

ಸರಿಬರದ ಭಾಗವೂ ಇದೆ. “ತುರ್ತಿದ್ರೆ ಕೇಳು” ಅಂದಿದ್ದೆ. ತುರ್ತು ಅಂದರೆ ಏನು ಅಂತ ಹೇಳಲಿಲ್ಲ. ಎರಡೇ ವಾರದಲ್ಲಿ ತುರ್ತು ವಾರಕ್ಕೆ ಮೂರು ಸಲ ಬರತೊಡಗಿತು. ಅವಳ ಪಾಲಿಗೆ ಅವೆಲ್ಲ ತುರ್ತೇ, ಓವರ್‌ಟೈಮ್ ಹಾಕಿದ್ದೂ ತುರ್ತೇ. ಮತ್ತೊಮ್ಮೆ ಕೂತು ಹೇಳಬೇಕಾಯಿತು, ಅಜ್ಜಿ ಊರಿಗೆ ಹೋದ ದಿನ ಮತ್ತು ಅಜ್ಜಿಗೆ ಹುಷಾರಿಲ್ಲದ ದಿನ ಮಾತ್ರ ಅಂತ. ಮೊದಲ ಸಲಕ್ಕಿಂತ ಈ ಎರಡನೆಯ ಸಲ ಅವಳಿಗೆ ಹೆಚ್ಚು ನೋವಾಯಿತು. ಮೊದಲೇ ಗೆರೆ ಎಳೆದು ತೋರಿಸಿದ್ದರೆ ಆ ನೋವು ಬೇಕಿರಲಿಲ್ಲ.

ಇನ್ನೊಂದು, ಮಗುವಿಗೆ ಹೇಳಲು ಮರೆತೆ. ದೊಡ್ಡವರು ಮೂವರು ಕೂತು ಎಲ್ಲ ತೀರ್ಮಾನ ಮಾಡಿದೆವು, ಮೂರು ವರ್ಷದ್ದಕ್ಕೆ ಯಾರೂ ಹೇಳಲಿಲ್ಲ. ಒಂದನೇ ತಾರೀಖು ಬೆಳಗ್ಗೆ ಅದು ಎಂದಿನಂತೆ ಬಂದು ಗೇಟಿನ ಚಿಲಕಕ್ಕೆ ಕೈ ಹಾಕಿತು. ಒಳಗಿನಿಂದ ನೋಡಿದೆ. ಅಪ್ಪ ಬಂದು ಎತ್ತಿಕೊಂಡು ಹೋದ. ಮಗು ಹಿಂದಕ್ಕೆ ತಿರುಗಿ ನನ್ನ ಬಾಗಿಲನ್ನೇ ನೋಡುತ್ತಿತ್ತು. ಹಿಂದಿನ ವಾರವೇ ನಾನು ಅದನ್ನು ಅಂಗನವಾಡಿಯವರೆಗೆ ಎರಡು ದಿನ ಕರೆದುಕೊಂಡು ಹೋಗಿ ಬಂದಿದ್ದರೆ ಸಾಕಿತ್ತು.

ಆಗಲ್ಲ ಅಂದದ್ದು ಒಳ್ಳೆಯದೋ ಕೆಟ್ಟದ್ದೋ ಅನ್ನುವುದನ್ನು ಹೇಳಿದವಳ ಮಾತಿನಲ್ಲಿ ಮಾತ್ರ ಅಳೆಯಲಾಗುವುದಿಲ್ಲ ಅಂತ ನನಗೆ ಮನದಟ್ಟಾದದ್ದು ಬೇಲೂರಿನ ಕಡೆ, ತಂಗಿಯ ಮನೆಯಲ್ಲಿ. ಅಲ್ಲಿ ಕಾಫಿ ಹಣ್ಣು ಬಿಡಿಸುವ ಕಾಲ ಬಂದರೆ ಹೆಂಗಸರೆಲ್ಲ ತೋಟಕ್ಕೆ. ತೂಕದ ಲೆಕ್ಕದ ಕೂಲಿ, ಎಷ್ಟು ಕೆ.ಜಿ. ಬಿಡಿಸಿದರೆ ಅಷ್ಟು ದುಡ್ಡು. ಕೂಸು ಬೆನ್ನಿಗಿದ್ದರೆ ಗಿಡದ ಕೊಂಬೆ ಬಗ್ಗಿಸಲಾಗುವುದಿಲ್ಲ, ಸಂಜೆಯ ತೂಕ ಇಳಿಯುತ್ತದೆ. ತಂಗಿ ಮನೆಯಲ್ಲಿ ಹಸು ಎಮ್ಮೆ ನೋಡಿಕೊಂಡು ಇರುವವಳು. ಪಕ್ಕದವಳು ಕೇಳಿದಾಗ ಅವಳು ನೇರವಾಗಿಯೇ, ಬಹಳ ಚೆನ್ನಾಗಿಯೇ ಹೇಳಿದ್ದಳು, ಕೊಟ್ಟಿಗೆ ಕೆಲಸದ ನಡುವೆ ಆಗುವುದಿಲ್ಲ ಅಂತ. ನೆಪ ಇಲ್ಲ, ಕಹಿಯಿಲ್ಲ. ಪಕ್ಕದವಳೂ ಬೇಜಾರು ಮಾಡಿಕೊಳ್ಳಲಿಲ್ಲ. ನಾನು ಜನವರಿಯಲ್ಲಿ ಹೋದಾಗ ಬೆಳಗ್ಗೆ ಹನ್ನೊಂದರ ಹೊತ್ತಿಗೆ ಪಕ್ಕದ ಮನೆಯ ಜಗುಲಿಯಲ್ಲಿ ಹತ್ತು ವರ್ಷದ ಹುಡುಗಿ ತಮ್ಮನನ್ನು ಸೊಂಟಕ್ಕೆ ಏರಿಸಿಕೊಂಡು ನಿಂತಿತ್ತು. ಇವತ್ತು ಸ್ಕೂಲು ರಜವಾ ಅಂತ ಕೇಳಿದೆ. ಇಲ್ಲ, ಹಣ್ಣು ಮುಗಿಯುವತನಕ ನಾನು ಹೋಗುವುದಿಲ್ಲ ಅಂತು.

ತಂಗಿ ತಪ್ಪು ಮಾಡಿದಳು ಅಂತ ನಾನು ಹೇಳುವುದಿಲ್ಲ. ಅವಳಿಗೂ ಎರಡೇ ಕೈ. ಆದರೆ ಅವಳು ಬಿಟ್ಟ ಕೆಲಸ ಎಲ್ಲಿಯೂ ಮಾಯವಾಗಲಿಲ್ಲ, ಇಳಿಜಾರಿನ ನೀರಿನ ಹಾಗೆ ಹರಿದು ಎಲ್ಲರಿಗಿಂತ ಕೆಳಗಿದ್ದವಳ ಮೇಲೆ ನಿಂತಿತು. ಕಾಫಿ ತೋಟಗಳಲ್ಲಿ ಮಕ್ಕಳಿಗೆ ಶಿಶುವಿಹಾರ ಇರಬೇಕೆಂದು 1951ರ ಪ್ಲಾಂಟೇಷನ್ ಕಾರ್ಮಿಕರ ಕಾಯ್ದೆ ಹೇಳಿದ್ದು ಐವತ್ತು ಹೆಂಗಸರೋ ಅಥವಾ ಅವರ ಇಪ್ಪತ್ತು ಮಕ್ಕಳೋ ಇರುವ ತೋಟಗಳಿಗೆ. ಆ ಕಡೆ ಹೆಚ್ಚಿನವು ಸಣ್ಣ ಹಿಡುವಳಿಗಳು, ಹತ್ತು ಹನ್ನೆರಡು ಆಳು ಸೇರಿಸಿ ಹಣ್ಣು ಬಿಡಿಸುವ ತೋಟಗಳು. ಹಾಗಾಗಿ ಆ ಹುಡುಗಿಗೆ ಕಾಯ್ದೆಯೂ ಇಲ್ಲ, ಪಕ್ಕದ ಮನೆಯೂ ಇಲ್ಲ. ತಂಗಿಗೆ ಹೇಳಿದೆ, ಇಡೀ ದಿನ ಬೇಡ, ಹುಡುಗಿ ಸ್ಕೂಲಿಗೆ ಹೋಗಿ ಬರುವಷ್ಟು ಹೊತ್ತಿಗೆ ಮೂರು ಮನೆಯವರು ಸರದಿ ಹಾಕಿಕೊಳ್ಳಿ, ಒಬ್ಬೊಬ್ಬರಿಗೆ ವಾರಕ್ಕೆ ಎರಡು ದಿನ, ಬದಲಿಗೆ ಅವರು ನಿನಗೆ ಹುಲ್ಲು ಕೊಯ್ದು ಹಾಕಲಿ ಅಂತ. ನಮ್ಮವ್ವ ಬೆರಳೆಣಿಸುತ್ತಿದ್ದ ಲೆಕ್ಕವೇ. ಈ ಸಲದ ಹಣ್ಣಿಗೆ ಎರಡು ಮನೆ ಒಪ್ಪಿವೆ, ಮೂರನೆಯವರು ನೋಡೋಣ ಅಂದಿದ್ದಾರೆ.

ನಮ್ಮ ಬೀದಿಯಲ್ಲಿ ಆ ವರ್ಷದ ನಾಗರಪಂಚಮಿಗೆ ಪಕ್ಕದ ಮನೆಯಿಂದ ತಂಬಿಟ್ಟು ಬರಲಿಲ್ಲ. ಗೌರಿಹಬ್ಬಕ್ಕೆ ಅವಳು ಅರಿಶಿನ ಕುಂಕುಮಕ್ಕೆ ಬಂದಳು, ಕೂರಲಿಲ್ಲ. ದೀಪಾವಳಿಗೆ ಒಂದು ವಾರ ಇರುವಾಗ ಭಾನುವಾರ ಬೆಳಗ್ಗೆ ಕವರಿನಲ್ಲಿ ಒಂದು ಸೀರೆ ಹಿಡಿದು ಬಂದಳು. ಬೋನಸ್ಸಿನಲ್ಲಿ ತೆಗೆದುಕೊಂಡದ್ದು, ಹಸಿರಿಗೆ ಅರಗಿನ ಬಣ್ಣದ ಅಂಚು. ಜಗುಲಿಯ ಮೇಲೆ ಕೂತು ಸೆರಗು ಬಿಚ್ಚಿ ತೋರಿಸಿದಳು.

“ಕುಚ್ಚಿಗೆ ಎಷ್ಟು ತಗತೀರಕ್ಕ?”

“ಸಾದಾದು ಮುನ್ನೂರು.”

ಅವಳು ಪರ್ಸಿನಿಂದ ಮೂರು ನೂರರ ನೋಟು ತೆಗೆದು ಕೊಟ್ಟಳು. ನಾನು ಇಸಿದುಕೊಂಡು ಪುಸ್ತಕದಲ್ಲಿ ಬರೆದುಕೊಂಡೆ.